ಗುಪ್ತ ಪದರದಲ್ಲಿ ಏನಿರುತ್ತದೆ?

ನ್ಯೂರಲ್ ನೆಟ್‌ವರ್ಕ್‌ನಲ್ಲಿ ಇನ್‌ಪುಟ್‌ಗೂ ಔಟ್‌ಪುಟ್‌ಗೂ ನಡುವೆ ಇರುವ ಪದರಗಳನ್ನು ಗುಪ್ತ ಪದರಗಳೆನ್ನುತ್ತಾರೆ. ಅವುಗಳಲ್ಲಿ ಯಾವ ಸಂಖ್ಯೆ ಬರಬೇಕೆಂದು ತರಬೇತಿಯ ಮಾಹಿತಿಯಲ್ಲಿ ಎಲ್ಲೂ ಹೇಳಿರುವುದಿಲ್ಲ. ಕೊನೆಯ ಉತ್ತರದ ತಪ್ಪು ಕಡಿಮೆಯಾಗುವ ಹಾಗೆ ನೆಟ್‌ವರ್ಕೇ ಅವನ್ನು ಹೊಂದಿಸಿಕೊಳ್ಳುತ್ತದೆ. ಆ ಸಂಖ್ಯೆಗಳಿಗೆ ಏನರ್ಥ ಎಂಬುದನ್ನು XOR ಎಂಬ ಪುಟ್ಟ ಲೆಕ್ಕದಲ್ಲಿ ಪೂರ್ತಿಯಾಗಿ ನೋಡಬಹುದು.

XORನ ಎರಡು ಇನ್‌ಪುಟ್‌ಗಳಲ್ಲಿ ಒಂದು ಮಾತ್ರ 1 ಆಗಿದ್ದರೆ ಉತ್ತರ 1, ಇಲ್ಲದಿದ್ದರೆ 0. ಸಾಧ್ಯವಿರುವ ನಾಲ್ಕು ಇನ್‌ಪುಟ್‌ಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಚೌಕದ ನಾಲ್ಕು ಮೂಲೆಗಳು ಸಿಗುತ್ತವೆ. ಉತ್ತರ 1 ಇರುವ ಎರಡು ಮೂಲೆಗಳು ಒಂದು ಕರ್ಣದ ತುದಿಗಳಲ್ಲಿ, 0 ಇರುವವು ಇನ್ನೊಂದರ ತುದಿಗಳಲ್ಲಿ ಇರುತ್ತವೆ. ಎಲ್ಲಿ ಗೆರೆ ಎಳೆದರೂ ಈ ಎರಡು ಗುಂಪುಗಳು ಬೇರೆಯಾಗವು. ಗುಪ್ತ ಪದರವಿಲ್ಲದ ನೆಟ್‌ವರ್ಕ್‌ಗೆ ಸಾಧ್ಯವಿರುವುದು ಒಂದು ನೇರ ಗೆರೆ ಎಳೆಯುವುದಷ್ಟೇ. ಇಂಥ ಮಿತಿಗಳನ್ನು ಮಾರ್ವಿನ್ ಮಿನ್ಸ್ಕಿ ಮತ್ತು ಸೈಮರ್ ಪಾಪರ್ಟ್ 1969ರ ‘ಪರ್ಸೆಪ್ಟ್ರಾನ್ಸ್’ ಪುಸ್ತಕದಲ್ಲಿ ವಿವರಿಸಿದ್ದರು.

ಎರಡು ಘಟಕಗಳ ಗುಪ್ತ ಪದರ ಸೇರಿಸಿದರೆ ಲೆಕ್ಕ ಬಗೆಹರಿಯುತ್ತದೆ:

```python
h1 = max(0, x1 + x2)
h2 = max(0, x1 + x2 - 1)
y = h1 - 2 * h2
```

ಇಲ್ಲಿ (0,0) ಇದ್ದಲ್ಲೇ ಉಳಿಯುತ್ತದೆ. (0,1) ಮತ್ತು (1,0) ಎರಡೂ (1,0) ಎಂಬ ಒಂದೇ ಬಿಂದುವಿಗೆ ಬಂದು ಸೇರುತ್ತವೆ. (1,1) ಎಂಬುದು (2,1) ಆಗುತ್ತದೆ. ಈಗ ಒಂದೇ ಗೆರೆ ಸಾಕು. ಗುಪ್ತ ಪದರ ಮಾಡಿದ್ದು ಇಷ್ಟೇ: ಬಿಂದುಗಳ ಜಾಗ ಬದಲಿಸಿ, ಉತ್ತರಕ್ಕೆ ಬೇಡವಾದ ವ್ಯತ್ಯಾಸವನ್ನು ಅಳಿಸಿಹಾಕಿತು. ಯಾವ ಇನ್‌ಪುಟ್ 1 ಆಗಿತ್ತು ಎಂಬುದನ್ನು h1, h2 ನೋಡಿ ಇನ್ನು ತಿಳಿಯಲಾಗದು. max ತೆಗೆದರೆ ಈ ಸ್ಥಳಾಂತರ ಆಗುವುದಿಲ್ಲ. ಇಡೀ ಲೆಕ್ಕ 2 - (x1 + x2) ಎಂಬ ಸರಳ ಸೂತ್ರಕ್ಕೆ ಇಳಿದು, (0,0)ಗೆ 2 ಎಂಬ ತಪ್ಪು ಉತ್ತರ ಬರುತ್ತದೆ.

ಒಂದು ಘಟಕದ ಪಾತ್ರವೇನೆಂದು ತಿಳಿಯಲು ಅದನ್ನು ಸುಮ್ಮನಾಗಿಸಿ ನೋಡಬೇಕು. h2 ಅನ್ನು ಸದಾ 0 ಮಾಡಿದರೆ ಮೂರು ಉತ್ತರಗಳು ಸರಿಯಾಗಿಯೇ ಉಳಿದು, (1,1)ರ ಉತ್ತರ ಮಾತ್ರ 2 ಆಗಿ ಕೆಡುತ್ತದೆ. ಹಾಗಾಗಿ h2 ಹೇಳುವುದು ‘ಎರಡೂ 1’ ಎಂಬುದನ್ನು.

ದೊಡ್ಡ ನೆಟ್‌ವರ್ಕ್‌ಗಳಲ್ಲಿ ಇಷ್ಟು ಸ್ಪಷ್ಟ ಅರ್ಥ ಸಿಗುವುದು ಅಪರೂಪ. ಚಿತ್ರ ಗುರುತಿಸುವ ನೆಟ್‌ವರ್ಕ್‌ಗಳ ಮೊದಲ ಪದರದಲ್ಲಿ ಅಂಚು, ಬಣ್ಣಗಳಿಗೆ ಸ್ಪಂದಿಸುವ ಘಟಕಗಳು ಕಾಣುತ್ತವೆ. ಒಳಗಿನ ಪದರಗಳಲ್ಲಿ ಒಂದೇ ಘಟಕ ಸಂಬಂಧವಿಲ್ಲದ ಹಲವು ಸಂಗತಿಗಳಿಗೆ ಸ್ಪಂದಿಸಬಹುದು, ಒಂದೇ ಸಂಗತಿ ನೂರಾರು ಘಟಕಗಳಲ್ಲಿ ಹರಡಿರಬಹುದು. ಅಲ್ಲಿ ಪದರದ ಸಂಖ್ಯೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು, ಬೇಕಾದ ಲಕ್ಷಣವನ್ನು ಅವುಗಳಿಂದ ಊಹಿಸುವಂತೆ ಸರಳ ವರ್ಗೀಕಾರಕವೊಂದಕ್ಕೆ ತರಬೇತಿ ಕೊಡುತ್ತಾರೆ. ಅದು ಗೆದ್ದರೆ ಮಾಹಿತಿ ಪದರದಲ್ಲಿದೆ ಎಂದಷ್ಟೇ ಸಾಬೀತಾಗುತ್ತದೆ. ನೆಟ್‌ವರ್ಕ್ ಅದನ್ನು ಬಳಸುತ್ತಿದೆ ಎನ್ನಬೇಕಾದರೆ, h2ನಲ್ಲಿ ಮಾಡಿದಂತೆ ಮೌಲ್ಯವನ್ನು ಬದಲಿಸಿ ಉತ್ತರವೂ ಬದಲಾಗುವುದನ್ನು ತೋರಿಸಲೇಬೇಕು.