28 ಪರ್ಸೆಂಟ್ ಬರುವ ನುಗ್ಗೆಯೋ, 25 ಪರ್ಸೆಂಟ್ ಬರುವ ಸೀಬೆಯೋ? ಎನ್‌ಪಿವಿ, ಐಆರ್‌ಆರ್ ಜಗಳ ಬಿಡಿಸೋಣ

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗ ಮೊಬೈಲ್ ಹಿಡಿದುಕೊಂಡು ತೋಟಕ್ಕೆ ಬಂದ. ಅವರ ಹೊಲದ ಪಕ್ಕದಲ್ಲೇ ಒಂದು ಎಕರೆ ಐದು ವರ್ಷದ ಗುತ್ತಿಗೆಗೆ ಸಿಗುತ್ತಿದೆ. ಯಾರೋ ಅವನಿಗೆ ಎರಡು ಯೋಜನಾ ವರದಿ ಮಾಡಿಕೊಟ್ಟಿದ್ದರು. ಒಂದು ನುಗ್ಗೆಗೆ, ಇನ್ನೊಂದು ಸೀಬೆಗೆ (ಉತ್ತರ ಕರ್ನಾಟಕದವರಿಗೆ ಪೇರಲ).

"ಅಣ್ಣಾ, ನುಗ್ಗೆಗೆ ಐಆರ್‌ಆರ್ 28 ಇದೆ, ಸೀಬೆಗೆ 25. ನುಗ್ಗೆನೇ ಹಾಕ್ತೀನಿ" ಅಂದ.

"ಅದರ ಮೇಲಿನ ಸಾಲು ನೋಡಿದೀಯಾ?" ಅಂತ ಕೇಳಿದೆ. ಎನ್‌ಪಿವಿ ಅಂತ ಬರೆದ ಕಡೆ ನುಗ್ಗೆಗೆ ಸುಮಾರು 70 ಸಾವಿರ, ಸೀಬೆಗೆ 1 ಲಕ್ಷ 29 ಸಾವಿರ ಇತ್ತು. ಒಂದು ಅಳತೆ ನುಗ್ಗೆ ಮೇಲು ಅನ್ನುತ್ತದೆ, ಇನ್ನೊಂದು ಸೀಬೆ ಮೇಲು ಅನ್ನುತ್ತದೆ. ಎರಡೂ ಒಂದೇ ವರದಿಯಲ್ಲಿ, ಒಂದೇ ಲೆಕ್ಕದಿಂದ ಬಂದವು. ಲೆಕ್ಕ ತಪ್ಪಿದೆಯೇನೋ ಅಂತ ಅವನಿಗೆ ಅನುಮಾನ. ಲೆಕ್ಕ ತಪ್ಪಿರಲಿಲ್ಲ. ಬ್ಯಾಂಕ್ ಸಾಲಕ್ಕೆ ವರದಿ ಮಾಡಿಸುವ ನಿಮಗೂ ಈ ಗೊಂದಲ ಎದುರಾಗಬಹುದು. ಅದಕ್ಕೇ ಅವನ ಅಂಕಿಗಳನ್ನೇ ಇಟ್ಟುಕೊಂಡು ಬಿಡಿಸಿ ಹೇಳುತ್ತೇನೆ.

ಮೊದಲು ಹಣ ಬರುವ ದಾರಿ ನೋಡಿ

ಎರಡಕ್ಕೂ ಶುರುವಿನ ಖರ್ಚು ಒಂದೇ: ಬೇಲಿ, ಡ್ರಿಪ್, ಸಸಿ, ಗುಂಡಿ, ಗೊಬ್ಬರ ಎಲ್ಲ ಸೇರಿ 2 ಲಕ್ಷ. ಆಮೇಲೆ ಪ್ರತಿ ವರ್ಷ ಗುತ್ತಿಗೆ ಹಣ, ಕೂಲಿ ಎಲ್ಲ ಕಳೆದು ಕೈಗೆ ಉಳಿಯುವುದು ಹೀಗೆ:

- 1ನೇ ವರ್ಷ: ನುಗ್ಗೆ 1,20,000, ಸೀಬೆ 0
- 2ನೇ ವರ್ಷ: ನುಗ್ಗೆ 1,00,000, ಸೀಬೆ 40,000
- 3ನೇ ವರ್ಷ: ನುಗ್ಗೆ 60,000, ಸೀಬೆ 1,00,000
- 4ನೇ ವರ್ಷ: ನುಗ್ಗೆ 30,000; ಸೀಬೆ 1,60,000
- 5ನೇ ವರ್ಷ: ನುಗ್ಗೆ 20,000, ಸೀಬೆ 1,80,000

ನುಗ್ಗೆ ಬೇಗ ಕಾಯಿ ಬಿಡುತ್ತದೆ. ಸಾಲಿನ ನಡುವೆ ತರಕಾರಿಯನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ. ಆಮೇಲೆ ಗಿಡಕ್ಕೆ ವಯಸ್ಸಾದಂತೆ ಆದಾಯ ಇಳಿಯುತ್ತದೆ. ಸೀಬೆ ಉಲ್ಟಾ: ಮೊದಲ ವರ್ಷ ಕೈ ಖಾಲಿ, ಕೊನೆಯ ಎರಡು ವರ್ಷ ಫಸಲು ಕೈ ತುಂಬ. ಇವು ಅವನ ಜಾಗದ, ಅವನ ಮಾರುಕಟ್ಟೆಯ ಅಂದಾಜು. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕದ ರೀತಿ ಮಾತ್ರ ಇದೇ.

ಎನ್‌ಪಿವಿ ಹೇಳುವುದು ರೂಪಾಯಿಯಲ್ಲಿ

ಐದು ವರ್ಷದ ನಂತರ ಬರುವ 100 ರೂಪಾಯಿ ಇವತ್ತಿನ 100 ರೂಪಾಯಿಗೆ ಸಮ ಅಲ್ಲ. ಇವತ್ತು ನನ್ನ ಹತ್ತಿರ 62 ರೂಪಾಯಿ ಇದ್ದು, ಅದು ವರ್ಷಕ್ಕೆ ಶೇಕಡಾ 10ರಂತೆ ಬೆಳೆದರೆ ಐದು ವರ್ಷಕ್ಕೆ ಸುಮಾರು 100 ಆಗುತ್ತದೆ. ಹಾಗಾಗಿ ಶೇಕಡಾ 10ರ ಲೆಕ್ಕದಲ್ಲಿ ಐದನೇ ವರ್ಷದ 100 ರೂಪಾಯಿಗೆ ಇವತ್ತಿನ ಬೆಲೆ 62 ರೂಪಾಯಿ. ಮುಂದೆ ಬರುವ ಎಲ್ಲ ಹಣವನ್ನೂ ಹೀಗೆ ಇವತ್ತಿನ ಬೆಲೆಗೆ ಇಳಿಸಿ, ಕೂಡಿಸಿ, ಶುರುವಿನ 2 ಲಕ್ಷ ಕಳೆದರೆ ಉಳಿಯುವುದೇ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ.

ಶೇಕಡಾ 10ರಲ್ಲಿ ನುಗ್ಗೆಗೆ ಬರುವುದು 69,723 ರೂಪಾಯಿ, ಸೀಬೆಗೆ 1,29,237 ರೂಪಾಯಿ. ಅಂದರೆ ಹಾಕಿದ ಹಣಕ್ಕೆ ಶೇಕಡಾ 10 ಸಿಕ್ಕಿದ ಮೇಲೂ, ಇವತ್ತಿನ ಲೆಕ್ಕದಲ್ಲಿ ಇಷ್ಟು ಹೆಚ್ಚುವರಿ ಉಳಿಯುತ್ತದೆ.

ಐಆರ್‌ಆರ್ ಹೇಳುವುದು ವೇಗ

ಬಡ್ಡಿ ದರವನ್ನು 10ರಿಂದ ಮೇಲೆ ಏರಿಸುತ್ತಾ ಹೋದರೆ ಎನ್‌ಪಿವಿ ಇಳಿಯುತ್ತಾ ಬಂದು ಒಂದು ದರದಲ್ಲಿ ಸೊನ್ನೆ ಆಗುತ್ತದೆ. ಆ ದರವೇ ಐಆರ್‌ಆರ್, ಆಂತರಿಕ ಪ್ರತಿಫಲ ದರ. ಸರಳವಾಗಿ ಹೇಳಬೇಕೆಂದರೆ, ಪೂರ್ತಿ ಬಂಡವಾಳ ಸಾಲದ್ದೇ ಆದರೂ ಎಷ್ಟು ಬಡ್ಡಿಯವರೆಗೆ ತೋಟ ಆ ಸಾಲವನ್ನು ತಾನೇ ತೀರಿಸಬಲ್ಲದು ಅನ್ನುವ ಮಿತಿ ಅದು. ನುಗ್ಗೆಗೆ ಅದು ಸುಮಾರು 28, ಸೀಬೆಗೆ ಸುಮಾರು 25.

ಇಲ್ಲಿ ನನ್ನ ತಮ್ಮ ಎಡವಿದ ಜಾಗ ಇದೆ. ಆ 28 ಪರ್ಸೆಂಟ್ ಬರುವುದು ಐದೂ ವರ್ಷ 2 ಲಕ್ಷದ ಮೇಲಲ್ಲ. ಹೊಲದಲ್ಲಿ ಇನ್ನೂ ಸಿಕ್ಕಿಕೊಂಡಿರುವ ಹಣದ ಮೇಲೆ ಮಾತ್ರ. ಸಾಲದ ಪಾಸ್‌ಬುಕ್ ತರಹ ನೋಡಿ. 2 ಲಕ್ಷಕ್ಕೆ ಒಂದು ವರ್ಷಕ್ಕೆ 28ರಂತೆ ಸೇರಿಸಿದರೆ 2,56,000. ಅದರಲ್ಲಿ ನುಗ್ಗೆ ಮೊದಲ ವರ್ಷವೇ 1,20,000 ವಾಪಸ್ ಕೊಟ್ಟಿತು, ಉಳಿದದ್ದು 1,36,000. ಎರಡನೇ ವರ್ಷದ ಕೊನೆಗೆ ಬಾಕಿ ಸುಮಾರು 74 ಸಾವಿರ ಮಾತ್ರ. ಮೂರನೇ ವರ್ಷದಿಂದ 28 ಪರ್ಸೆಂಟ್ ದುಡಿಯುವುದು ಆ 74 ಸಾವಿರದ ಮೇಲೆ.

ಸೀಬೆಯಲ್ಲಿ ಇದೇ ಲೆಕ್ಕವನ್ನು ಅದರ 25ರ ದರದಲ್ಲಿ ಹಾಕಿದರೆ, ಎರಡನೇ ವರ್ಷದ ಕೊನೆಗೆ ಸುಮಾರು 2.7 ಲಕ್ಷ ಹೊಲದಲ್ಲೇ ಇರುತ್ತದೆ. 74 ಸಾವಿರದ ಮೇಲೆ 28 ದೊಡ್ಡದೋ, 2.7 ಲಕ್ಷದ ಮೇಲೆ 25 ದೊಡ್ಡದೋ? ಎರಡು ಅಳತೆಗಳೂ ಬೇರೆ ಬೇರೆ ಉತ್ತರ ಕೊಡುವುದು ಇದಕ್ಕೇ.

"ಆದ್ರೆ ನುಗ್ಗೆಯಿಂದ ಬೇಗ ಬಂದ ದುಡ್ಡನ್ನ ಬೇರೆ ಕಡೆ ಹಾಕ್ತೀನಲ್ಲಣ್ಣ?" ಅಂದ. ಸರಿಯಾದ ಪ್ರಶ್ನೆ. ಆದರೆ ಎಲ್ಲಿ ಹಾಕುತ್ತೀಯ, ಅಲ್ಲಿ ಎಷ್ಟು ಬರುತ್ತದೆ? ಮೊದಲ ವರ್ಷದ 1,20,000ಕ್ಕೂ ಮತ್ತೆ 28 ಪರ್ಸೆಂಟ್ ಬರುವ ಜಾಗ ಇದ್ದರೆ ನುಗ್ಗೆಯೇ ಗೆಲ್ಲುತ್ತದೆ. ಶೇಕಡಾ 10 ಬರುವ ಕಡೆ ಹಾಕಿದರೆ ಐದನೇ ವರ್ಷದ ಕೊನೆಗೆ ನುಗ್ಗೆಯ ಹಣವೆಲ್ಲ ಸೇರಿ 4,34,392 ಆಗುತ್ತದೆ, ಸೀಬೆಯ ಹಣ 5,30,240 ಆಗುತ್ತದೆ. ಬರೀ ಐಆರ್‌ಆರ್ ನೋಡಿ ಆಯ್ಕೆ ಮಾಡುವವರು, ಬೇಗ ಬಂದ ಹಣಕ್ಕೂ ಅದೇ ದರ ಸಿಗುತ್ತದೆ ಅಂತ ಗೊತ್ತಿಲ್ಲದೇ ನಂಬಿರುತ್ತಾರೆ.

ಜಗಳ ತೀರಿಸುವ ದಾರಿ: ವ್ಯತ್ಯಾಸದ ಲೆಕ್ಕ

ಸೀಬೆಯ ಸಾಲಿನಿಂದ ನುಗ್ಗೆಯ ಸಾಲನ್ನು ವರ್ಷವಾರು ಕಳೆಯಿರಿ. ಶುರುವಿನ ಖರ್ಚು ಒಂದೇ, ಅದು ಹೊರಟುಹೋಗುತ್ತದೆ. ಉಳಿಯುವುದು: ಮೊದಲ ವರ್ಷ 1,20,000 ಕಡಿಮೆ, ಎರಡನೇ ವರ್ಷ 60,000 ಕಡಿಮೆ. ಆಮೇಲೆ ಕ್ರಮವಾಗಿ 40,000, 1,30,000, 1,60,000 ಹೆಚ್ಚು. ಅಂದರೆ ಸೀಬೆ ಆರಿಸುವುದು ಅಂದರೆ ಮೊದಲ ಎರಡು ವರ್ಷ 1.8 ಲಕ್ಷ ಬಿಟ್ಟುಕೊಟ್ಟು, ನಂತರದ ಮೂರು ವರ್ಷದಲ್ಲಿ 3.3 ಲಕ್ಷ ಪಡೆಯುವುದು.

ಈ ಬಿಟ್ಟುಕೊಡುವಿಕೆಯನ್ನೇ ಒಂದು ಯೋಜನೆ ಅಂದುಕೊಂಡು ಅದರ ಐಆರ್‌ಆರ್ ತೆಗೆದರೆ ಸುಮಾರು 22.4 ಬರುತ್ತದೆ. ಎರಡೂ ಬೆಳೆಗಳ ಎನ್‌ಪಿವಿ ಸಮ ಆಗುವ ದರವೂ ಅದೇ. ನಿಮ್ಮ ಹಣದ ಬೆಲೆ ಇದಕ್ಕಿಂತ ಕಡಿಮೆ ಇದ್ದರೆ ಸೀಬೆ, ಹೆಚ್ಚಿದ್ದರೆ ನುಗ್ಗೆ.

ಹಣದ ಬೆಲೆ ಅಂದರೇನು? ಸ್ವಂತ ಹಣವಾದರೆ, ಅದು ಬೇರೆ ಕಡೆ ಇದ್ದಿದ್ದರೆ ಬರುತ್ತಿದ್ದ ಬಡ್ಡಿ. ಸಾಲವಾದರೆ, ಸಾಲದ ಬಡ್ಡಿ. ನಾನು ತಮ್ಮನಿಗೆ ಕೇಳಿದೆ: "ಈ 2 ಲಕ್ಷ ಎಲ್ಲಿಂದ ತರ್ತೀಯ?" ಅವನು ಸ್ವಲ್ಪ ತಡೆದು ಹೇಳಿದ, "ಬ್ಯಾಂಕಲ್ಲಿ ಕೇಳಿದೀನಿ. ಆಗ್ಲಿಲ್ಲ ಅಂದ್ರೆ ಊರಲ್ಲೇ ಎರಡು ರೂಪಾಯಿ ಬಡ್ಡಿಗೆ ತರ್ತೀನಿ."

ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ವರ್ಷಕ್ಕೆ 24. ಆ ದರದಲ್ಲಿ ಲೆಕ್ಕ ಹಾಕಿ ತೋರಿಸಿದೆ: ನುಗ್ಗೆಯ ಎನ್‌ಪಿವಿ ಸುಮಾರು 12,800, ಸೀಬೆಯದು ಸುಮಾರು 7,500. ಸ್ಥಾನ ಅದಲುಬದಲಾಯಿತು. ಗಿಡ ಅದೇ, ನೆಲ ಅದೇ. ಬದಲಾದದ್ದು ಹಣ ಬಂದ ಜಾಗ ಮಾತ್ರ. ಅದೂ ಅಲ್ಲದೆ ಆ ಬಡ್ಡಿಯಲ್ಲಿ ಎರಡೂ ಬೆಳೆಗಳ ಲಾಭ ಎಷ್ಟು ಸೊರಗಿದೆ ನೋಡಿ.

ಮೊಬೈಲ್‌ನಲ್ಲಿ ಮಾಡುವುದು ಹೇಗೆ

ಗೂಗಲ್ ಶೀಟ್ಸ್‌ನಲ್ಲಿ B2ರಲ್ಲಿ -200000 ಹಾಕಿ (ಮೈನಸ್ ಮರೆಯಬೇಡಿ), B3ರಿಂದ B7ರವರೆಗೆ ಐದು ವರ್ಷದ ಹಣ ಬರೆಯಿರಿ. ಆಮೇಲೆ:

```
=NPV(10%,B3:B7)+B2
=IRR(B2:B7)
```

ಬಹಳ ಜನ ಮಾಡುವ ತಪ್ಪು ಅಂದರೆ `=NPV(10%,B2:B7)` ಅಂತ ಬರೆಯುವುದು. ಈ ಫಾರ್ಮುಲಾ ಮೊದಲ ಅಂಕಿಯನ್ನೂ ಒಂದು ವರ್ಷದ ನಂತರದ್ದು ಅಂತ ತಿಳಿಯುತ್ತದೆ. ಆಗ ಸೀಬೆಗೆ 1,29,237ರ ಬದಲು 1,17,488 ಬರುತ್ತದೆ. ವರದಿ ಮಾಡಿಕೊಟ್ಟವರ ಶೀಟ್‌ನಲ್ಲಿ ಈ ಒಂದು ಕಡೆ ನೋಡಿಬಿಡಿ. ವ್ಯತ್ಯಾಸದ ಸಾಲಿಗೂ ಹೀಗೇ `IRR` ಹಾಕಬಹುದು. ಮೊದಲ ವರ್ಷದಿಂದ ಶುರು ಮಾಡಿದರೆ ಸಾಕು.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

ಎನ್‌ಪಿವಿ ಹೆಚ್ಚಿದೆ ಅಂತ ಕಣ್ಣು ಮುಚ್ಚಿ ಸೀಬೆಗೆ ಹೋಗಬೇಡಿ. ಸೀಬೆಯ ಹಣದಲ್ಲಿ ಹೆಚ್ಚಿನ ಪಾಲು ನಾಲ್ಕು, ಐದನೇ ವರ್ಷದ್ದು. ಅಷ್ಟು ದೂರದ ಬೆಲೆ ಯಾರಿಗೂ ಗೊತ್ತಿಲ್ಲ. ಮಳೆಗಾಲದ ಫಸಲಿಗೆ ಹಣ್ಣುನೊಣ ಬಿದ್ದರೆ ಮಾರುವ ಹಣ್ಣೇ ಕಡಿಮೆ. ಸೀಬೆಯ ಪ್ರತಿ ವರ್ಷದ ಉಳಿಕೆ ಶೇಕಡಾ 20 ಕಡಿಮೆ ಆಯಿತು ಅಂತಿಟ್ಟುಕೊಂಡು 10ರ ದರದಲ್ಲೇ ಲೆಕ್ಕ ಹಾಕಿದೆ. ಎನ್‌ಪಿವಿ ಸುಮಾರು 63 ಸಾವಿರಕ್ಕೆ ಇಳಿಯಿತು, ನುಗ್ಗೆಯ 70 ಸಾವಿರಕ್ಕಿಂತ ಕೆಳಗೆ. ಬೆಲೆ ಬಿದ್ದರೂ ಕೂಲಿ, ಗುತ್ತಿಗೆ ಇಳಿಯುವುದಿಲ್ಲ. ಹಾಗಾಗಿ ಉಳಿಕೆ 20 ಇಳಿಯಲು ಮಾರುಕಟ್ಟೆ ಬೆಲೆ ಅಷ್ಟು ಇಳಿಯಬೇಕಿಲ್ಲ. ನುಗ್ಗೆಗೂ ಇದೇ ಪರೀಕ್ಷೆ ಮಾಡಿ ನೋಡಿ.

ಇನ್ನೊಂದು, ಎರಡು ಅಳತೆಗಳಲ್ಲೂ ಕಾಣದ ವಿಷಯ. ಸೀಬೆಯಲ್ಲಿ ಮೊದಲ ವರ್ಷ ಸೊನ್ನೆ. 2 ಲಕ್ಷಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಆ ವರ್ಷ 48,000 ರೂಪಾಯಿ ಬೇರೆ ಎಲ್ಲಿಂದಲಾದರೂ ತರಬೇಕು. ತರಲಾಗದಿದ್ದರೆ ಬಡ್ಡಿಗೆ ಬಡ್ಡಿ ಸೇರುತ್ತದೆ. ಹಾಗೆ ಸೇರಿದರೆ ದರ 24ರಲ್ಲಿ ನಿಲ್ಲದೆ ಸುಮಾರು 27 ಆಗುತ್ತದೆ, ಸೀಬೆ ತಡೆದುಕೊಳ್ಳುವ 25ನ್ನು ದಾಟುತ್ತದೆ. ಆಗ ತೋಟ ಚೆನ್ನಾಗಿದ್ದರೂ ಸಾಲ ತೀರುವುದಿಲ್ಲ.

ತಮ್ಮ ವರದಿಯ ಕೊನೆಯ ಪುಟದ ಹಿಂದೆ ಎರಡು ಸಾಲು ಬರೆದುಕೊಂಡು ಹೋದ: "ಬ್ಯಾಂಕ್ ಸಾಲ ಆದ್ರೆ ಸೀಬೆ. ಕೈಸಾಲ ಆದ್ರೆ ನುಗ್ಗೆ, ಅದೂ ಅರ್ಧ ಎಕರೆಯಿಂದ." ಗುತ್ತಿಗೆಯವರಿಗೆ ಉತ್ತರ ಹೇಳಲು ಇನ್ನೂ ಹದಿನೈದು ದಿನ ಇದೆ. ಅಷ್ಟರಲ್ಲಿ ಅವನು ಮೊದಲು ತಿಳಿದುಕೊಳ್ಳಬೇಕಾದದ್ದು ಸಸಿಯ ರೇಟಲ್ಲ, ಬ್ಯಾಂಕಿನವರ ಉತ್ತರ.