ಡ್ರೋನ್ ಒಂದು, ಬ್ಯಾಟರಿ ಮೂರು

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಮುಖ್ಯಸ್ಥರು ವಿದ್ಯಾರ್ಥಿಗಳ ಡ್ರೋನ್‌ಗೆ ಹಣ ಕೇಳಿ ವಿಭಾಗಕ್ಕೆ ಪತ್ರ ಬರೆದರೆ, ಕತ್ತರಿ ಬೀಳುವ ಭಯ ಬ್ಯಾಟರಿಯ ಸಾಲಿಗೇ ಹೆಚ್ಚು. "ಡ್ರೋನ್ ಒಂದೇ, ಬ್ಯಾಟರಿ ಮೂರು ಯಾಕೆ ಸರ್?" ಎಂಬ ಪ್ರಶ್ನೆಗೆ ಉತ್ತರ ಪತ್ರದಲ್ಲೇ ಇರಬೇಕು.

ಒಂದೂವರೆ ಕೆಜಿಯ ಡ್ರೋನ್ ಎನ್ನೋಣ. ಗಾಳಿಯಲ್ಲಿ ನಿಂತಿರಲು ಅದಕ್ಕೆ ಸುಮಾರು 200 ವ್ಯಾಟ್ ಬೇಕು. 14.8 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 74 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಕೆಡುತ್ತದೆ. ಶೇ. 80ಕ್ಕೆ ನಿಲ್ಲಿಸಿದರೆ ಹಾರಾಟ 17 ನಿಮಿಷ, ಮತ್ತೆ ಚಾರ್ಜ್ ಆಗಲು ಸುಮಾರು ಒಂದು ಗಂಟೆ. ಮೂರು ಗಂಟೆಯ ಲ್ಯಾಬ್‌ನಲ್ಲಿ ಒಂದೇ ಬ್ಯಾಟರಿಯಿದ್ದರೆ ಹೆಚ್ಚೆಂದರೆ ಮೂರು ಹಾರಾಟ. ಉಳಿದ ಹೊತ್ತೆಲ್ಲ ಮಕ್ಕಳು ಚಾರ್ಜರ್‌ನ ದೀಪ ನೋಡುತ್ತ ಕೂರಬೇಕು. ಮೂರು ಬ್ಯಾಟರಿ, ಅವಕ್ಕೆ ಬೇರೆಬೇರೆ ಚಾರ್ಜರ್ ಇದ್ದರೆ ಏಳು ಹಾರಾಟ ಸಾಧ್ಯ.

ಬೆಂಕಿ ತಡೆಯುವ ಚೀಲ, ಒಂದು ಬಕೆಟ್ ಮರಳು ಕೂಡ ಪಟ್ಟಿಯಲ್ಲಿರಲಿ. ದಿಂಬಿನಂತೆ ಉಬ್ಬಿದ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಲೇಬಾರದು. ಇಂಥದ್ದೊಂದು ವರ್ಷದೊಳಗೇ ಸಿಗಬಹುದು, ಆಗ ಮೂರು ಎರಡಾಗುತ್ತದೆ.

ತೂಕವನ್ನೂ ಪತ್ರದಲ್ಲಿ ಬರೆಯಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿ 2 ಕೆಜಿವರೆಗಿನದು ಮೈಕ್ರೋ ವರ್ಗ. ವಾಣಿಜ್ಯೇತರ ಬಳಕೆಗಾದರೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ.