ಮೊದಲು ಅಂಕ, ಆಮೇಲೆ ಅಕ್ಷರ

ಹತ್ತನೇ ತರಗತಿಯ ಮಕ್ಕಳ ಅಭ್ಯಾಸಕ್ಕೆಂದು ಶಾಲೆಗಳಲ್ಲಿ ಹಂಚುವ ಹಳೆಯ ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಹಲವು ಕೈ ದಾಟಿ ಬಂದಿರುತ್ತದೆ. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದದ್ದು, ಇನ್ಯಾರೋ ಅದನ್ನು ಪಿಡಿಎಫ್ ಮಾಡಿದ್ದು, ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಮಸುಕಾಗಿ ಹೊರಬಂದದ್ದು. ಬಲ ಅಂಚಿನಲ್ಲಿದ್ದ ಅಂಕಗಳು ಅರ್ಧ ಕತ್ತರಿಸಿಹೋಗಿರುತ್ತವೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಯಾರೋ ಮೊದಲೇ ಟಿಕ್ ಹಾಕಿರುತ್ತಾರೆ. ಇಂಥದ್ದನ್ನು ಹೊಸದಾಗಿ ಟೈಪ್ ಮಾಡಿಸಲು ಹೊರಟವರು ಮೊದಲ ಪ್ರಶ್ನೆಯ ಮೊದಲ ಪದದಿಂದ ಶುರುಮಾಡುತ್ತಾರೆ. ತಪ್ಪುಗಳು ನುಸುಳುವುದು ಅಲ್ಲಿಂದಲೇ.

ಪ್ರಶ್ನೆಪತ್ರಿಕೆಗೆ ಅದರದೇ ಲೆಕ್ಕಾಚಾರವಿದೆ, ಮೊದಲು ಇಳಿಸಿಕೊಳ್ಳಬೇಕಾದದ್ದು ಅದನ್ನು. ಇತ್ತೀಚಿನ ವರ್ಷಗಳ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯನ್ನೇ ನೋಡಬಹುದು. ಅದರಲ್ಲಿ 38 ಪ್ರಶ್ನೆ, 80 ಅಂಕ. ಒಂದು ಅಂಕದ ಬಹು ಆಯ್ಕೆ ಪ್ರಶ್ನೆ 8, ಒಂದು ಅಂಕದ ಬರೆಯುವ ಪ್ರಶ್ನೆ 8, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಕೊನೆಗೆ ಐದು ಅಂಕದ್ದು ಒಂದು. ಪ್ರತಿ ವಿಭಾಗದ ತಲೆಯ ಮೇಲೆ 9 × 3 = 27 ಎಂಬಂತೆ ಲೆಕ್ಕ ಮುದ್ರಿತವಾಗಿರುತ್ತದೆ. ವಿಭಾಗಗಳಿಗೆ ರೋಮನ್ ಸಂಖ್ಯೆ. ಪ್ರಶ್ನೆಗಳ ಸಂಖ್ಯೆ ಮಾತ್ರ ವಿಭಾಗ ಬದಲಾದರೂ ನಿಲ್ಲದೆ 1ರಿಂದ 38ರವರೆಗೆ ಒಂದೇ ಓಟ.

ವರ್ಡ್‌ನ ತಾನಾಗಿ ಅಂಕಿ ಹಾಕುವ ಸೌಲಭ್ಯ ಎಡವುವುದು ಈ ಓಟದಲ್ಲಿ. ಹೊಸ ವಿಭಾಗ ಬಂದೊಡನೆ ಅದು ಮತ್ತೆ 1ರಿಂದ ಶುರುಮಾಡಬಹುದು. 'ಅಥವಾ' ಎಂಬ ಪದದ ಕೆಳಗಿನ ಬದಲಿ ಪ್ರಶ್ನೆಗೆ ಹೊಸ ಸಂಖ್ಯೆ ಕೊಟ್ಟುಬಿಡಬಹುದು. ಹಾಗೆ ಒಮ್ಮೆ ತಪ್ಪಿದರೆ ಅಲ್ಲಿಂದಾಚೆ ಎಲ್ಲ ಪ್ರಶ್ನೆಗಳೂ ಒಂದೊಂದು ಸ್ಥಾನ ಕೆಳಗೆ ಜಾರುತ್ತವೆ, ಮಾದರಿ ಉತ್ತರಗಳ ಜೊತೆ ಯಾವುದೂ ಹೊಂದುವುದಿಲ್ಲ.

ಇದಕ್ಕೆ ನಂಬಬಹುದಾದ ಉಪಾಯ ಮೂರು ಕಾಲಮ್ಮಿನ ಒಂದು ಟೇಬಲ್. ಎಡಕ್ಕೆ ಕಿರಿದಾದ ಕಾಲಮ್ಮಿನಲ್ಲಿ ಪ್ರಶ್ನೆಯ ಸಂಖ್ಯೆ, ನಡುವೆ ಅಗಲವಾಗಿ ಪ್ರಶ್ನೆ, ಬಲಕ್ಕೆ ಅಂಕ. ಒಂದು ಪ್ರಶ್ನೆಗೆ ಒಂದೇ ಸಾಲು. 'ಅಥವಾ' ಮತ್ತು ಅದರ ಬದಲಿ ಪ್ರಶ್ನೆ ಎರಡೂ ಅದೇ ಸಾಲಿನ ನಡುವಿನ ಮನೆಯೊಳಗೆ ಇರಬೇಕು. ಪ್ರಶ್ನೆಗಳನ್ನು ಟೈಪ್ ಮಾಡುವ ಮೊದಲೇ 38 ಸಾಲು ಮಾಡಿ, ಮೂಲ ಪತ್ರಿಕೆ ನೋಡುತ್ತ ಸಂಖ್ಯೆ ಮತ್ತು ಅಂಕಗಳನ್ನಷ್ಟೇ ತುಂಬಬೇಕು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ ಅಂಕದ ಮನೆಯಲ್ಲಿ ಈ ಸೂತ್ರ ಕೊಟ್ಟರೆ ವರ್ಡ್ ತಾನೇ ಕೂಡಿ ಹೇಳುತ್ತದೆ:

```
=SUM(ABOVE)
```

80 ಬಂದರೆ ಲೆಕ್ಕ ತಾಳೆಯಾಯಿತು. 77 ಬಂದರೆ ಮೂರಂಕದ ಒಂದು ಪ್ರಶ್ನೆ ಬಿಟ್ಟುಹೋಗಿರಬಹುದು. 83 ಬಂದರೆ ಯಾವುದೋ ಬದಲಿ ಪ್ರಶ್ನೆ ತಾನೇ ಒಂದು ಸಾಲು ಹಿಡಿದು ಕೂತಿದೆಯೇ ಎಂದು ನೋಡಬೇಕು. ನಡುವೆ ಖಾಲಿ ಮನೆ ಇದ್ದರೆ ಈ ಸೂತ್ರ ತಪ್ಪು ಮೊತ್ತ ಕೊಡುತ್ತದೆ. ಆದ್ದರಿಂದ ವಿಭಾಗದ ತಲೆಬರಹಗಳನ್ನು ಸೇರಿಸುವುದು ಮೊತ್ತ ತಾಳೆಯಾದ ಮೇಲೆಯೇ. ಆಮೇಲೆ ಮೊತ್ತದ ಸಾಲು ಅಳಿಸಿ, ಗೆರೆಗಳನ್ನು ಮರೆಮಾಡಿದರೆ ಟೇಬಲ್ ಇದ್ದದ್ದು ಓದುವವರಿಗೆ ಗೊತ್ತಾಗುವುದಿಲ್ಲ. ಅಂಕಗಳು ಮಾತ್ರ ಬಲಕ್ಕೆ ನೇರವಾಗಿ ನಿಂತಿರುತ್ತವೆ. ಸಾಲು ಎರಡು ಪುಟಕ್ಕೆ ಹರಿಯುವುದನ್ನು ತಡೆಯುವ ಆಯ್ಕೆಯೂ ಟೇಬಲ್ಲಿನಲ್ಲಿದೆ. ಪ್ರಶ್ನೆ ಒಂದು ಪುಟದಲ್ಲಿ, ಅದರ ಆಯ್ಕೆಗಳು ಇನ್ನೊಂದರಲ್ಲಿ ಎಂಬ ತೊಂದರೆ ಅದರಿಂದ ತಪ್ಪುತ್ತದೆ. ಚಿತ್ರಗಳನ್ನು ಅಕ್ಷರದ ಸಾಲಿನೊಳಗೇ ಕೂರಿಸಬೇಕು, ಇಲ್ಲವಾದರೆ ತ್ರಿಕೋನ ಒಂದು ಪ್ರಶ್ನೆಯಿಂದ ಇನ್ನೊಂದರ ಪಕ್ಕಕ್ಕೆ ಸರಿದುಹೋಗುತ್ತದೆ.

ಇನ್ನು ಅಕ್ಷರಗಳ ಸರದಿ. ಚಿತ್ರದಿಂದ ಅಕ್ಷರ ಎತ್ತಿಕೊಡುವ ಒಸಿಆರ್ ತಂತ್ರಾಂಶಗಳು ಕನ್ನಡಕ್ಕೂ ಇವೆ. ಉಚಿತವಾಗಿ ಸಿಗುವ ಟೆಸರಾಕ್ಟ್‌ನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದಿಸಬಹುದು. ಅದರಲ್ಲಿ ಕನ್ನಡದ ಸಂಕೇತ `kan`:

```
tesseract page-1.png page-1 -l kan+eng --psm 6
```

ಕೊನೆಯ `--psm 6` ಇಡೀ ಪುಟವನ್ನು ಒಂದೇ ತುಂಡಾಗಿ ಓದು ಎಂಬ ಸೂಚನೆ. ಇದಿಲ್ಲದಿದ್ದರೆ ಬಲ ಅಂಚಿನ ಅಂಕಗಳನ್ನು ಬೇರೆ ಕಾಲಮ್ ಎಂದು ತಿಳಿದು, ಎಲ್ಲವನ್ನೂ ಪುಟದ ಕೊನೆಗೆ ಗುಡ್ಡೆಹಾಕುವುದುಂಟು. ಸ್ಕ್ಯಾನ್ 300 ಡಿಪಿಐ ಇರಲಿ, ಪುಟ ಓರೆಯಾಗದಿರಲಿ. ಅಕ್ಷರ ಸವೆದ ಜೆರಾಕ್ಸ್ ಆದರೆ ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

ಕನ್ನಡದಲ್ಲಿ ಯಂತ್ರ ತಪ್ಪುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಮಸುಕು ಪ್ರತಿಯಲ್ಲಿ ಥ ಮತ್ತು ಧ ಒಂದೇ ರೀತಿ ಕಾಣುವುದರಿಂದ 'ಅಥವಾ' ಹೋಗಿ 'ಅಧವಾ' ಆಗುತ್ತದೆ. ಅರ್ಕಾವತ್ತು ಕನ್ನಡದ ಒಂಬತ್ತರಂತೆ ಕಂಡು 'ವರ್ಗ' ಎಂಬುದು 'ವಗ೯' ಆಗಿ ಬರುತ್ತದೆ. ಅತ್ಯಂತ ಕಷ್ಟದ್ದು ಅನುಸ್ವಾರ. ಅದರ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಬಂದರೆ 'ಅ೦ಕ' ಎಂಬುದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದರೆ ವಿಕಾರವಾಗುತ್ತದೆ. ಹಿಡಿಯುವ ದಾರಿ ಸುಲಭ: ಗಣಿತ ಪತ್ರಿಕೆಯಲ್ಲಿ ಅಂಕಿಗಳೆಲ್ಲ 1, 2, 3 ಎಂದೇ ಇರುವಾಗ ಕಡತದಲ್ಲಿ ೦ ಮತ್ತು ೯ನ್ನು ಹುಡುಕಬೇಕು. ಸಿಕ್ಕಿದ್ದೆಲ್ಲ ತಪ್ಪೇ.

ಡಿಟಿಪಿ ಅಂಗಡಿಯಿಂದ ಬಂದ ಹಳೆಯ ಕಡತ ಇದ್ದರೆ ತೊಡಕು ಬೇರೆಯದು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಹೊಡೆದ 'ಕನ್ನಡ' ಎಂಬ ಪದ ಬೇರೆ ಕಂಪ್ಯೂಟರಿನಲ್ಲಿ `PÀ£ÀßqÀ` ಎಂದು ಕಾಣಿಸುತ್ತದೆ. ಅಂಥದ್ದನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲಷ್ಟೇ ಬಳಸಬೇಕು. ಕಡತದಲ್ಲಿರುವ ಇಂಗ್ಲಿಷ್ ಅಕ್ಷರಗಳೂ ಸೂತ್ರಗಳೂ ಆ ಪರಿವರ್ತನೆಯಲ್ಲಿ ಕನ್ನಡದಂತೆ ಬದಲಾಗಿ ಅರ್ಥ ಕಳೆದುಕೊಳ್ಳಬಹುದು. ಅವನ್ನು ಮೊದಲೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಸೂತ್ರಗಳನ್ನಂತೂ ಯಂತ್ರದ ಕೈಗೆ ಕೊಡಲೇಬಾರದು. x² ಎಂಬುದು x2 ಆಗಿ ಬರುತ್ತದೆ, ವರ್ಗಮೂಲದ ಚಿಹ್ನೆ ಮಾಯವಾಗುತ್ತದೆ, ಸಣ್ಣ ಋಣ ಚಿಹ್ನೆ ಜೆರಾಕ್ಸಿನಲ್ಲಿಯೇ ಅಳಿಸಿಹೋಗಿರುತ್ತದೆ. ವರ್ಡ್‌ನಲ್ಲಿ Alt ಮತ್ತು = ಒಟ್ಟಿಗೆ ಒತ್ತಿದರೆ ಸಮೀಕರಣದ ಪೆಟ್ಟಿಗೆ ತೆರೆಯುತ್ತದೆ; ಅದರೊಳಗೆ ಗಣಿತ ಮಾತ್ರ, ಕನ್ನಡ ಪದಗಳೆಲ್ಲ ಹೊರಗೆ.

ಟೈಪ್ ಆದ ಮೇಲೆ ಮೇಷ್ಟ್ರು ಒಮ್ಮೆ ಎಲ್ಲ ಲೆಕ್ಕ ಬಿಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಬಹು ಆಯ್ಕೆ ಪ್ರಶ್ನೆಯಲ್ಲಿ ಉತ್ತರ ನಾಲ್ಕರಲ್ಲಿ ಒಂದೂ ಅಲ್ಲದಿದ್ದರೆ ಅಲ್ಲೇನೋ ಬಿಟ್ಟಿದೆ. ಆದರೆ ಈ ಪರೀಕ್ಷೆಗೂ ಮಿತಿಯಿದೆ. 'x² − 6x + k = 0 ಸಮೀಕರಣದ ಮೂಲಗಳು ಸಮವಾಗಿದ್ದರೆ k ಬೆಲೆ ಎಷ್ಟು' ಎಂಬ ಪ್ರಶ್ನೆಗೆ ಉತ್ತರ 9. ಮೈನಸ್ ಹೋಗಿ ಪ್ಲಸ್ ಆಗಿದ್ದರೂ ಉತ್ತರ 9 ಬಂದೇ ಬರುತ್ತದೆ, ಏಕೆಂದರೆ 6ರ ವರ್ಗವೂ −6ರ ವರ್ಗವೂ 36. ಬಿಡಿಸಿ ನೋಡಿದವರಿಗೆ ತಪ್ಪು ಸಿಗುವುದೇ ಇಲ್ಲ. ಆದ್ದರಿಂದ ಒಬ್ಬರು ಮೂಲ ಪತ್ರಿಕೆಯನ್ನು ಚಿಹ್ನೆ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪ್ ಆದದ್ದರ ಮೇಲೆ ಬೆರಳಿಟ್ಟು ನೋಡಬೇಕು. ಇದರಷ್ಟು ತಪ್ಪು ಹಿಡಿಯುವ ವಿಧಾನ ಬೇರೊಂದಿಲ್ಲ.

ಮೂಲದಲ್ಲೇ ಮುದ್ರಣದೋಷ ಸಿಕ್ಕರೆ ಸದ್ದಿಲ್ಲದೆ ತಿದ್ದಬಾರದು. ಇದ್ದಂತೆಯೇ ಟೈಪ್ ಮಾಡಿ, ಪತ್ರಿಕೆಯ ಕೊನೆಯಲ್ಲಿ ಆ ಪ್ರಶ್ನೆಯ ಸಂಖ್ಯೆ ಹೇಳಿ ಸರಿಯಾದ ರೂಪ ಬರೆಯಬೇಕು. ಓದಲಾಗದ ಅಂಕಿಯನ್ನು ಊಹಿಸಿ ತುಂಬುವುದಕ್ಕಿಂತ ಇನ್ನೊಂದು ಪ್ರತಿ ಹುಡುಕುವುದು ಮೇಲು. ಹೀಗೆ ಸಿದ್ಧವಾದ ಪತ್ರಿಕೆಯನ್ನು ಬೇರೆ ಶಾಲೆಗೆ ಕಳಿಸುವವರಲ್ಲಿ ಒಂದು ಕೋರಿಕೆ: ಮುದ್ರಣಕ್ಕೆ ಪಿಡಿಎಫ್, ತಿದ್ದಲು ವರ್ಡ್ ಕಡತ, ತಾಳೆ ನೋಡಲು ಮೂಲದ ಸ್ಕ್ಯಾನ್ ಮೂರನ್ನೂ ಒಟ್ಟಿಗೆ ಕಳಿಸಿ.